ಮಾರ್ಕೆಟಿಂಗ್ ಅನಲಿಟಿಕ್ಸ್ ರೆಸ್ಯೂಮೆಯಲ್ಲಿ ‘ನಿಖರತೆ ಶೇ. 90’

ಪ್ರಶ್ನೆ: ಮೈಸೂರಿನಲ್ಲಿ ಬಿ.ಎಸ್ಸಿ. ಸಂಖ್ಯಾಶಾಸ್ತ್ರ ಮುಗಿಸಿದ್ದೇನೆ. ಮಾರ್ಕೆಟಿಂಗ್ ಅನಲಿಟಿಕ್ಸ್ ಹುದ್ದೆಗಳಿಗೆ ಅರ್ಜಿ ಹಾಕುತ್ತಿದ್ದೇನೆ, ಯಾರೂ ಕರೆಯುತ್ತಿಲ್ಲ. ನನ್ನ ಮುಖ್ಯ ಪ್ರಾಜೆಕ್ಟ್ ಸಾಲು: “ಪೋರ್ಚುಗಲ್ ಬ್ಯಾಂಕಿನ ಠೇವಣಿ ಪ್ರಚಾರದ ದತ್ತಾಂಶ, ಪೈಥಾನ್, ನಿಖರತೆ ಶೇ. 90.” ಎಲ್ಲಿ ಎಡವುತ್ತಿದ್ದೇನೆ?

ಒಬ್ಬ ಸದಸ್ಯರು: ಅಂಕಿ ಇದೆಯಲ್ಲ, ಸಾಲು ಸರಿಯಾಗಿಯೇ ಇದೆ. ಟೂಲ್‌ಗಳ ಪಟ್ಟಿಯನ್ನು ಉದ್ದ ಮಾಡಿ. ಎಸ್‌ಕ್ಯೂಎಲ್, ಪವರ್ ಬಿಐ, ಟ್ಯಾಬ್ಲೋ, ಆರ್, ಎಲ್ಲವೂ ಇರಲಿ. ಉದ್ಯೋಗ ಪ್ರಕಟಣೆಯ ಪದಗಳು ರೆಸ್ಯೂಮೆಯಲ್ಲಿ ಇಲ್ಲದಿದ್ದರೆ ಜರಡಿಯಲ್ಲೇ ಉದುರಿಹೋಗುತ್ತೀರಿ.

ಅನಲಿಟಿಕ್ಸ್ ತಂಡ ನಡೆಸುವವರು: ಪ್ರಕಟಣೆಯ ಪದಗಳು ಇರಬೇಕು, ಒಪ್ಪುತ್ತೇನೆ. ಆದರೆ ಎರಡು ಪ್ರಶ್ನೆ ಕೇಳಿದರೆ ಉತ್ತರಿಸಲಾಗದ ಟೂಲ್ ಪಟ್ಟಿಯಲ್ಲಿ ಬೇಡ. ನಿಜವಾದ ತೊಂದರೆ ಆ 90ರಲ್ಲಿದೆ. ಆ ದತ್ತಾಂಶವನ್ನು ನಮ್ಮಲ್ಲಿ ಅನೇಕರು ಕಲಿಯುವಾಗ ಬಳಸಿದ್ದೇವೆ. ಬ್ಯಾಂಕ್ ಫೋನ್ ಕರೆ ಮಾಡಿದ 45,211 ಗ್ರಾಹಕರಲ್ಲಿ ಠೇವಣಿಗೆ ಒಪ್ಪಿದವರು 5,289 ಮಂದಿ. ಕಣ್ಣು ಮುಚ್ಚಿಕೊಂಡು ಎಲ್ಲರೂ ‘ಬೇಡ’ ಎನ್ನುತ್ತಾರೆಂದು ಹೇಳಿದರೂ ಶೇ. 88 ಸರಿಯಾಗುತ್ತದೆ. ನಿಮ್ಮ ಮಾಡೆಲ್ ಗಳಿಸಿದ್ದು ಉಳಿದ ಎರಡು ಅಂಶವನ್ನಷ್ಟೇ.

`duration` ಕಾಲಂ ಬಳಸಿದ್ದೀರಾ? ಮಾತು ಎಷ್ಟು ಹೊತ್ತು ನಡೆಯಿತೆಂಬುದು ಕರೆ ಮುಗಿದ ಮೇಲೆ ಗೊತ್ತಾಗುವ ಸಂಗತಿ. ಯಾರಿಗೆ ಕರೆ ಮಾಡಬೇಕೆಂದು ಬೆಳಿಗ್ಗೆ ಪಟ್ಟಿ ಮಾಡುವವರ ಕೈಯಲ್ಲಿ ಅದು ಇರುವುದಿಲ್ಲ. ಅದನ್ನು ತೆಗೆದು ಮತ್ತೆ ನಡೆಸಿ. ಮಾಡೆಲ್ ಮಂಕಾಗುತ್ತದೆ, ಆಗಲಿ.

ಆಮೇಲೆ, ಮಾಡೆಲ್ ಕಲಿಯುವಾಗ ನೋಡಿರದ ಗ್ರಾಹಕರನ್ನು ಒಪ್ಪುವ ಸಾಧ್ಯತೆಯ ಇಳಿಕೆ ಕ್ರಮದಲ್ಲಿ ಜೋಡಿಸಿ. ಮೇಲಿನ ಐದನೇ ಒಂದು ಭಾಗದಲ್ಲಿ, ನಿಜವಾಗಿ ಒಪ್ಪಿದವರ ಪೈಕಿ ಎಷ್ಟು ಮಂದಿ ಸಿಕ್ಕರೆಂದು ಎಣಿಸಿ. ಮನಸ್ಸಿಗೆ ಬಂದಂತೆ ಆರಿಸಿದ್ದರೆ ಸುಮಾರು ಶೇ. 20 ಸಿಗುತ್ತಿತ್ತು. ಸಾಲು ಹೀಗಿರಲಿ: “ಕರೆಗೆ ಮೊದಲು ತಿಳಿದಿರುವ ಮಾಹಿತಿಯಿಂದಷ್ಟೇ ಗ್ರಾಹಕರನ್ನು ಶ್ರೇಣೀಕರಿಸಿದೆ, ಶೇ. 20 ಕರೆಗಳಲ್ಲಿ ಒಪ್ಪುವವರ ಪೈಕಿ ಶೇ. __ ಸಿಕ್ಕರು. ಪೈಥಾನ್.” ಖಾಲಿ ಜಾಗಕ್ಕೆ ನಿಮಗೆ ಬಂದ ಅಂಕಿಯನ್ನೇ ಹಾಕಿ. ‘ಠೇವಣಿ ಹೆಚ್ಚಿಸಿದೆ’ ಎಂದು ಮಾತ್ರ ಬರೆಯಬೇಡಿ. ನೀವು ಯಾರಿಗೂ ಕರೆ ಮಾಡಿಲ್ಲ.

ಇನ್ನೊಬ್ಬರು: ನಾನು ಅತ್ತೆಯವರ ಸೀರೆ ಅಂಗಡಿಗೆ ಇನ್‌ಸ್ಟಾಗ್ರಾಮ್ ಜಾಹೀರಾತು ನೋಡಿಕೊಂಡೆ. ಹಿಂದಿನ ತಿಂಗಳಿಗಿಂತ ಮಾರಾಟ ದುಪ್ಪಟ್ಟಾಯಿತು. ಹಾಗೆಯೇ ಬರೆಯಲೇ?

ಅನಲಿಟಿಕ್ಸ್ ತಂಡ ನಡೆಸುವವರು: ಯಾವ ತಿಂಗಳು?

ಇನ್ನೊಬ್ಬರು: ದೀಪಾವಳಿ ಇತ್ತು.

ಅನಲಿಟಿಕ್ಸ್ ತಂಡ ನಡೆಸುವವರು: ಹಾಗಾದರೆ ದುಪ್ಪಟ್ಟಿನಲ್ಲಿ ಹಬ್ಬದ ಪಾಲೆಷ್ಟು, ಜಾಹೀರಾತಿನ ಪಾಲೆಷ್ಟು ಎಂದು ಕೇಳುತ್ತಾರೆ. ಕಳೆದ ವರ್ಷದ ದೀಪಾವಳಿ ವಾರಗಳೊಂದಿಗೆ ಹೋಲಿಸಿ. ತಿಂಗಳಿಗೆ ತಿಂಗಳು ಇಟ್ಟರೆ ಆಗದು, ಹಬ್ಬ ಒಮ್ಮೆ ಅಕ್ಟೋಬರ್‌ನಲ್ಲಿ, ಒಮ್ಮೆ ನವೆಂಬರ್‌ನಲ್ಲಿ ಬರುತ್ತದೆ. ಹಳೆಯ ಲೆಕ್ಕ ಸಿಗದಿದ್ದರೆ ಎಷ್ಟು ಖರ್ಚಿಗೆ ಎಷ್ಟು ವಿಚಾರಣೆ ಬಂತು ಎಂಬುದನ್ನಷ್ಟೇ ಬರೆಯಿರಿ. ನಿಜವಾದ ಹಣ ಖರ್ಚಾದ ಕೆಲಸ, ಅದಕ್ಕೂ ಬೆಲೆ ಇದೆ.

ಪ್ರಶ್ನೆ ಕೇಳಿದವರು: ಧನ್ಯವಾದ ಮೇಡಂ. `duration` ಬಳಸಿದ್ದೆ, ಈಗ ತೆಗೆಯುತ್ತೇನೆ. ಪುಟದಲ್ಲಿ ಮೊದಲು ಪ್ರಾಜೆಕ್ಟ್ ಬರಲೋ, ಟೂಲ್‌ಗಳೋ?

ಅನಲಿಟಿಕ್ಸ್ ತಂಡ ನಡೆಸುವವರು: ನಾನು ಪ್ರಾಜೆಕ್ಟ್ ಓದಿ ಆಮೇಲೆ ಉಳಿದದ್ದನ್ನು ನೋಡುತ್ತೇನೆ.

ಒಬ್ಬ ಸದಸ್ಯರು: ನಿಮ್ಮ ಮೇಜಿಗೆ ಬರುವ ಮೊದಲು ಅದನ್ನು ಎಚ್‌ಆರ್ ನೋಡುತ್ತಾರಲ್ಲ ಮೇಡಂ, ಅವರು ಹುಡುಕುವುದು ಟೂಲ್‌ಗಳನ್ನೇ.