ಸಹಾಯ ಬೇಕು: ರೂಮಿಗೆ ಪೇಂಟ್ 4 ಲೀಟರ್ ಸಾಕಾ, ಆರೂವರೆ ಬೇಕಾ?

ಅಣ್ಣಂದಿರೇ, ಶಿಡ್ಲಘಟ್ಟದಲ್ಲಿ ನಮ್ಮ ಮನೆಯ ಒಂದು ರೂಮಿಗೆ ಎಮಲ್ಷನ್ ಹೊಡೆಸಬೇಕು. ರೂಮು 12ಕ್ಕೆ 10 ಅಡಿ, ಎತ್ತರ 10. ನಾಲ್ಕು ಗೋಡೆ ಸೇರಿ 440 ಚದರಡಿ. ಬಾಗಿಲು 7ಕ್ಕೆ 3, ಅಂದ್ರೆ 21. 4ಕ್ಕೆ 4ರ ಕಿಟಕಿ ಎರಡು, 32. ಕಳೆದ್ರೆ ಉಳಿಯೋದು 387.

ಡಬ್ಬದ ಮೇಲೆ ‘ಲೀಟರಿಗೆ 120 ಚದರಡಿ, ಎರಡು ಕೋಟ್‌ಗೆ’ ಅಂತಿದೆ. ನನ್ನ ಲೆಕ್ಕಕ್ಕೆ ಮೂರೂಕಾಲು ಲೀಟರ್ ಬಂತು. ಪೇಂಟರ್ ಮಾತ್ರ ಎರಡು ಕೋಟ್ ಅಂತ 387ನ್ನ 774 ಮಾಡಿ, ಅದನ್ನೂ 120ರಿಂದಲೇ ಭಾಗಿಸಿ ಆರೂವರೆ ಅಂತಾರೆ. ಎರಡು ಕೋಟ್ ಆ 120ರಲ್ಲೇ ಸೇರಿದೆಯಲ್ವಾ? ಒಂದೇ ಕೋಟಿನ ಅಳತೆ ಕೊಟ್ಟಿದ್ರೆ ತಾನೇ ದುಪ್ಪಟ್ಟು ಮಾಡೋದು?

ಪುಟ್ಟಿ, ಪ್ರೈಮರ್ ಆಗಿದೆ. ಆದರೆ ಕಿಟಕಿ ಕೆಳಗೆ ಹೊಸದಾಗಿ ಗಾರೆ ಹಾಕಿದ ಜಾಗ ಇನ್ನೂ ಒರಟು, ಪೇಂಟ್ ಜಾಸ್ತಿ ಕುಡಿಯುತ್ತೇನೋ. 4 ಲೀಟರ್ ಡಬ್ಬ ತಂದ್ರೆ ಸಾಲುತ್ತಾ? ಹೊಡೆಸಿದವರು ಹೇಳಿ.