ಕೈಗೆ ಗಬ್ಬ, ಸ್ಕ್ಯಾನಿಗೆ ಖಾಲಿ: ಈ ಎಮ್ಮೆಗೆ ಬೆದೆ ಇಂಜೆಕ್ಷನ್ ಕೊಡಿಸಬಹುದೇ?

ರಾಯಬಾಗದಿಂದ (ಪ್ರಶ್ನೆ): ಮುರ್ರಾ ಎಮ್ಮಿ, ಮೂರನೇ ಸೂಲು, ಫೆಬ್ರುವರಿಯಾಗ ಈದದ. ಆಗಸ್ಟ್ 10ಕ್ಕ, ಸೆಪ್ಟೆಂಬರ್ 1ಕ್ಕ, ಅಕ್ಟೋಬರ್ 16ಕ್ಕ ಸೆಮೆನ್ ಹಾಕಿಸೀವಿ. ಆಮ್ಯಾಲೆ ಬೆದಿ ಕಂಡಿಲ್ಲ. ನವೆಂಬರ್ 25ಕ್ಕ ಒಬ್ಬರು ಕೈ ಹಾಕಿ ನೋಡಿ ಗಬ್ಬ ಐತಿ ಅಂದ್ರು. ಡಿಸೆಂಬರ್ 5ಕ್ಕ ಇನ್ನೊಬ್ಬರು ಸ್ಕ್ಯಾನ್ ಮಾಡಿ ಖಾಲಿ ಐತಿ, ಬೆದಿ ಬರೂ ಇಂಜೆಕ್ಷನ್ ಕೊಡ್ತೀನಿ ಅಂತಾರ. ಕೊಡಿಸೂದೋ ಬ್ಯಾಡೋ?

ಮಂಡ್ಯದಿಂದ: ಐವತ್ತು ದಿನ ಬೆದೆಗೆ ಬಂದಿಲ್ಲ ಅಂದ್ರೆ ತೆನೆ ನಿಂತಿದೆ ಅಂತಲೇ ಅರ್ಥ ಕಣಣ್ಣ. ಅನುಮಾನ ಇದ್ರೆ ಗಂಜಲಕ್ಕೆ ಹದಿನಾಲ್ಕು ಪಾಲು ನೀರು ಬೆರೆಸಿ ಗೋಧಿ ಕಾಳಿಗೆ ಹಾಕಿ, ಐದು ದಿನ ಬಿಟ್ಟು ನೋಡಿ. ಮೊಳಕೆ ಬರದಿದ್ರೆ ತೆನೆ. ಸ್ಕ್ಯಾನಿಗೆ ದುಡ್ಡು ಯಾಕೆ?

ಹಾವೇರಿಯ ಪಶುವೈದ್ಯರು: ಇಂಜೆಕ್ಷನ್ ಈಗ ಬೇಡ. ಡಿಸೆಂಬರ್ 15ಕ್ಕೆ, ಅಂದರೆ 60ನೇ ದಿನಕ್ಕೆ, ಇನ್ನೊಮ್ಮೆ ನೋಡಿಸಿ. ಆ ಇಂಜೆಕ್ಷನ್ ಪ್ರೊಸ್ಟಾಗ್ಲಾಂಡಿನ್. ಅಂಡಾಶಯದ ಮೇಲಿನ ಸಿಎಲ್ ಗಂಟನ್ನು ಕರಗಿಸುವುದೇ ಅದರ ಕೆಲಸ. ಎರಡು ತಿಂಗಳ ಗಬ್ಬ ನಿಂತಿರುವುದು ಆ ಗಂಟಿನ ಬಲದಿಂದಲೇ. ಸ್ಕ್ಯಾನ್ ತಪ್ಪಾಗಿದ್ದರೆ ಒಂದೇ ಡೋಸಿಗೆ ಗಬ್ಬ ಹೋಗುತ್ತದೆ. ಕಾದರೆ ಹೋಗುವುದು ಹತ್ತು ದಿನ ಮಾತ್ರ.

ನನ್ನ ಮಟ್ಟಿಗೆ ಇಬ್ಬರ ಮಾತೂ ನಿಜ ಇರಬಹುದು. 40ನೇ ದಿನ ಇದ್ದ ಭ್ರೂಣ 50ರೊಳಗೆ ಸತ್ತು ಕರಗಿರುವ ಸಾಧ್ಯತೆ ಇದೆ, ಎಮ್ಮೆಯಲ್ಲಿ ಇದು ಅಪರೂಪವಲ್ಲ. ಆದರೆ 40 ದಿನಕ್ಕೆ ಕೈಯಿಂದ ಗಟ್ಟಿಯಾಗಿ ಹೇಳುವುದೂ ಕಷ್ಟ. ಆಗ ಸಿಗಬೇಕಾದದ್ದು ಗರ್ಭಕೋಶದ ಎರಡು ಕೊಂಬುಗಳಲ್ಲಿ ಒಂದು ಇನ್ನೊಂದಕ್ಕಿಂತ ತುಸು ದಪ್ಪ, ಗೋಡೆ ತೆಳು, ಒಳಗೆ ನೀರು ಅಲುಗಿದ ಹಾಗೆ. ಬರೀ ಸಿಎಲ್ ಸಿಕ್ಕಿತು ಅಂತ ಗಬ್ಬ ಎಂದಿದ್ದರೆ ಅದು ಊಹೆ. ಖಾಲಿ ಎಮ್ಮೆಯಲ್ಲೂ ಎರಡು ಬೆದೆಗಳ ನಡುವೆ ಸಿಎಲ್ ಇರುತ್ತದೆ. ಜತೆಗೆ ಎಮ್ಮೆಯ ಸಿಎಲ್ ಹಸುವಿನದರಷ್ಟು ಹೊರಗೆ ಚಾಚಿಕೊಳ್ಳದೆ ಅಂಡಾಶಯದೊಳಗೆ ಹುದುಗಿರುತ್ತದೆ, ಬೆರಳಿಗೆ ಮೋಸ ಮಾಡುತ್ತದೆ.

ಸ್ಕ್ಯಾನ್ ಮಾಡಿದವರನ್ನು ಒಂದೇ ಪ್ರಶ್ನೆ ಕೇಳಿ: ಎರಡೂ ಕೊಂಬನ್ನು ತುದಿಯವರೆಗೆ ನೋಡಿದಿರಾ? ಮೂರು ಸೂಲಿನ ಎಮ್ಮೆಯ ಗರ್ಭಕೋಶ ಸೊಂಟದ ಎಲುಬಿನ ಅಂಚು ದಾಟಿ ಕೆಳಗೆ ಜೋತಿರಬಹುದು. ಪ್ರೋಬ್ ಅಲ್ಲಿಗೆ ಹೋಗದಿದ್ದರೆ ಪರದೆಯಲ್ಲಿ ಖಾಲಿ ಕಾಣುತ್ತದೆ. 50 ದಿನಕ್ಕೆ ಕಪ್ಪು ನೀರಿನ ನಡುವೆ ಬೆಳ್ಳಗೆ ಮರಿ, ಬಡಿಯುವ ಹೃದಯ ಕಾಣಲೇಬೇಕು. ಬರೀ ಕಪ್ಪು ಕಂಡರೆ ಅದು ಮೂತ್ರಚೀಲವೂ ಇರಬಹುದು. ಕಪ್ಪಿನಲ್ಲಿ ಬಿಳಿ ಚುಕ್ಕೆಗಳು ತೇಲುತ್ತಿದ್ದರೆ ಕೀವಿನ ಅನುಮಾನ.

ಮಂಡ್ಯದವರಿಗೆ: ಬೆದೆ ಕಾಣದಿದ್ದರೆ ಗಬ್ಬ ಎನ್ನುವುದು ಹಸುವಿಗೆ ಅರ್ಧ ಸರಿ, ಎಮ್ಮೆಗೆ ಅಷ್ಟೂ ಇಲ್ಲ. ಮೂಕ ಬೆದೆ ಎಮ್ಮೆಯ ಸ್ವಭಾವ. ಗೋಧಿ ಪರೀಕ್ಷೆ ಮಾಡುವುದಾದರೆ ಪಕ್ಕದಲ್ಲಿ ಬರೀ ನೀರು ಹಾಕಿದ ಕಾಳೂ ಇರಲಿ. ಅಲ್ಲೂ ಮೊಳಕೆ ಬರದಿದ್ದರೆ ಕಾಳೇ ಕೆಟ್ಟಿದೆ. ಅದನ್ನು ನಂಬಿ ಪ್ರೊಸ್ಟಾಗ್ಲಾಂಡಿನ್ ಕೊಡಿಸುವ ಧೈರ್ಯ ಮಾತ್ರ ಬೇಡ.

ತುಮಕೂರಿನಿಂದ: ನಮ್ಮ ಎಚ್‌ಎಫ್ ಪಡ್ಡೆಗೂ ಇದೇ ಸಮಸ್ಯೆ ಸರ್, ಎರಡೂವರೆ ವರ್ಷವಾದರೂ ಬೆದೆಗೇ ಬಂದಿಲ್ಲ. ಇದೇ ಇಂಜೆಕ್ಷನ್ ಕೊಡಿಸಲಾ?

ಹಾವೇರಿಯ ಪಶುವೈದ್ಯರು: ಅದು ಬೇರೆ ವಿಷಯ. ಅಂಡಾಶಯವೇ ಎಚ್ಚರವಾಗದಿದ್ದರೆ ಸಿಎಲ್ ಇರುವುದಿಲ್ಲ, ಕರಗಿಸಲು ಏನೂ ಇಲ್ಲದಾಗ ಇಂಜೆಕ್ಷನ್ ದಂಡ. ಮೊದಲು ಮೈತೂಕ ನೋಡಿ, ಕೈ ಹಾಕಿಸಿ.

ಅಥಣಿಯ ಹೈನುಗಾರ್ತಿ: ರಾಯಬಾಗದ ಅಣ್ಣಾರ, ನಿಮ್ಮ ತಾರೀಖಿನಾಗ ಒಂದು ಮಾತು ಐತಿ. ಮೊದಲಿನ ಎರಡು ಸಲದ ನಡುವೆ 22 ದಿನ, ಅದು ಸರಿಯಾದ ಸುತ್ತು. ಆಮ್ಯಾಲಿಂದು 45 ದಿನ. ಅಂದ್ರ ನಡುವಿನ ಒಂದು ಬೆದಿ, ಸೆಪ್ಟೆಂಬರ್ 22–24ರ ಸುಮಾರಿಂದು, ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಎಮ್ಮಿ ಬೆದಿ ರಾತ್ರಿ, ನಸುಕಿನ್ಯಾಗ ಜೋರು. ಹಗಲು ನೋಡಿದ್ರ ಸಿಗಂಗಿಲ್ಲ. ರಾತ್ರಿ ಹತ್ತಕ್ಕ ಒಮ್ಮೆ, ನಸುಕಿನ ಐದಕ್ಕ ಒಮ್ಮೆ ಬ್ಯಾಟರಿ ಹಿಡಕೊಂಡು ಅದು ಮಲಗಿದ್ದಾಗ ಹಿಂದ ನೋಡ್ರಿ. ಆಕಳದ್ದರಂಗ ಲೋಳಿ ಜೋತಾಡಂಗಿಲ್ಲ, ಒಳಗ ನಿಂತಿದ್ದು ಮಲಗಿದಾಗ ನೆಲಕ್ಕ ಸುರೀತದ. ಎಬ್ಬಿಸಿದ ಮ್ಯಾಲೆ ನೆಲ ನೋಡೂದು ಮರೀಬ್ಯಾಡ್ರಿ. ಘಳಿಗೆಗೊಮ್ಮೆ ಉಚ್ಚಿ ಹೊಯ್ಯೂದು, ಒದರೂದು, ಹಾಲು ಕಡಿಮಿ ಆಗೂದು ಸೇರಿದ್ರ ಅನುಮಾನ ಗಟ್ಟಿ. ಓಣ್ಯಾಗ ಕೋಣ ಇದ್ರ ಹತ್ರ ಒಯ್ದು ನಿಲ್ಲಿಸ್ರಿ. ಅದರ ಮುಂದ ಅಲುಗದ ನಿಂತ್ರ ಮತ್ತೇನೂ ಕೇಳಬ್ಯಾಡ್ರಿ.

ಹಾವೇರಿಯ ಪಶುವೈದ್ಯರು: ಅಕ್ಕಾವರ ಲೆಕ್ಕಕ್ಕೆ ಒಂದೇ ತಿದ್ದುಪಡಿ. 45 ದಿನದ ಅಂತರಕ್ಕೆ ತಪ್ಪಿದ ಬೆದೆಯೇ ಕಾರಣ ಎನ್ನಲಾಗದು, ನಿಂತ ಗಬ್ಬ ಹೋದರೂ ಇಷ್ಟೇ ದಿನ ಆಗಬಹುದು. ಸೆಪ್ಟೆಂಬರ್ ಕೊನೆಗೆ, 30ನೇ ದಿನದ ಹೊತ್ತಿಗೆ, ಸ್ಕ್ಯಾನ್ ಆಗಿದ್ದರೆ ಯಾವುದೆಂದು ಗೊತ್ತಾಗುತ್ತಿತ್ತು. ಹೀಗಾಗಿ ಮೂರು ಸಲ ಸೆಮೆನ್ ಹಾಕಿಸಿದ ಮಾತ್ರಕ್ಕೆ ಇದನ್ನು ಮತ್ತೆ ಮತ್ತೆ ಹಾಕಿಸಿದರೂ ಗಬ್ಬ ನಿಲ್ಲದ ರಿಪೀಟ್ ಬ್ರೀಡರ್ ಎಂದು ಗರ್ಭಕೋಶಕ್ಕೆ ಔಷಧ ಬಿಡಿಸಲು ಓಡಬೇಡಿ. ಬೆದೆಯಲ್ಲಿ ಲೋಳೆ ಸ್ವಚ್ಛ ಇತ್ತೇ? ಸೆಮೆನ್ ಯಾವ ಹೊತ್ತಿಗೆ ಹಾಕಿಸಿದಿರಿ?

ರಾಯಬಾಗದಿಂದ: ಲೋಳಿ ಸ್ವಚ್ಛ ಇತ್ತೋ ಅಂದ್ರ, ಅಕ್ಟೋಬರ್‌ದಾಗ ಸ್ವಲ್ಪ ಮಬ್ಬು ಇತ್ತು ಸರ. ಸೆಮೆನ್ ಮುಂಜಾನೆ ಬೆದಿ ಕಂಡ ಕೂಡಲೇ ಹಾಕಿಸೀವಿ.

ಹಾವೇರಿಯ ಪಶುವೈದ್ಯರು: ಎರಡೂ ಮುಖ್ಯ. ಮಬ್ಬು ಲೋಳೆ ಎಂದರೆ ಗರ್ಭಕೋಶದಲ್ಲಿ ಹೊರಗೆ ಕಾಣದ ಉರಿಯೂತ ಇರಬಹುದು. ಮುಂದಿನ ಬೆದೆಯಲ್ಲಿ ಲೋಳೆ ತೆಗೆಸಿ, 1 ಮಿಲಿ ಲೋಳೆಗೆ ಅಷ್ಟೇ 5 ಶೇಕಡಾ ಕಾಸ್ಟಿಕ್ ಸೋಡಾ ದ್ರಾವಣ ಸೇರಿಸಿ ಕಾಯಿಸಿದರೆ ಬಣ್ಣ ಹೇಳುತ್ತದೆ. ಹಳದಿ ತಿರುಗಿದರೆ ಉರಿಯೂತ, ಹಳದಿ ಗಾಢವಾದಷ್ಟು ಜಾಸ್ತಿ. ಇದನ್ನು ಡಾಕ್ಟರೇ ಮಾಡಲಿ, ಕಾಸ್ಟಿಕ್ ಚರ್ಮ ಸುಡುತ್ತದೆ. ಹಳದಿ ಬಂದ ಬೆದೆಯಲ್ಲಿ ಸೆಮೆನ್ ಹಾಕಿಸದೆ ಚಿಕಿತ್ಸೆ ಮಾಡಿಸಿ, ಮುಂದಿನ ಬೆದೆಗೆ ಕಾಯಿರಿ.

ಇನ್ನು ಹೊತ್ತು. ಎಮ್ಮೆಯಲ್ಲಿ ಅಂಡ ಬಿಡುಗಡೆಯಾಗುವುದು ಬೆದೆ ಇಳಿದ ಮೇಲೆ, ಸಾಮಾನ್ಯವಾಗಿ ಹತ್ತು ಹನ್ನೆರಡು ತಾಸಿಗೆ, ಕೆಲವದರಲ್ಲಿ ಇನ್ನೂ ತಡವಾಗಿ. ಕಂಡ ಕೂಡಲೇ ಹಾಕಿದ ಸೆಮೆನ್ ಅಷ್ಟು ಹೊತ್ತು ಬಾಳದಿರಬಹುದು. ಮುಂಜಾನೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಮುಂಜಾನೆ. ಮರುದಿನ ಸ್ಕ್ಯಾನ್ ಮಾಡಿದಾಗ ಅಂಡ ಹೊತ್ತ 12–14 ಮಿ.ಮೀ. ಕೋಶಕ ಹಾಗೇ ಕೂತಿದ್ದರೆ ಅಂಡ ಬಿಟ್ಟಿಲ್ಲ, ಇನ್ನೊಂದು ಸೆಮೆನ್ ಹಾಕಿಸಬೇಕು. ಸ್ಕ್ಯಾನಿನ ದುಡ್ಡು ವಸೂಲಾಗುವುದು ಇಲ್ಲೇ.

ಶಿರಸಿಯಿಂದ, ಕೃತಕ ಗರ್ಭಧಾರಣೆ ಮಾಡುವವರು: ಅಂಡ ತಡವಾಗುವ ಅನುಮಾನವಿದ್ದರೆ ಸೆಮೆನ್ ಹಾಕುವಾಗಲೇ ಅಂಡ ಬಿಡಿಸುವ ಬುಸೆರೆಲಿನ್ ಇಂಜೆಕ್ಷನ್ ಕೊಡಿಸುವುದು ಒಳ್ಳೆಯದಲ್ಲವೇ ಸರ್? ಪ್ರತಿ ಎಮ್ಮೆಗೂ ಕೊಡ್ತಾರೆ ನಮ್ಮಲ್ಲಿ. ಇನ್ನೊಂದು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸೆಮೆನ್ ಸ್ಟ್ರಾ ಕರಗಿಸುವ ನೀರು 37 ಡಿಗ್ರಿ ಇದೆಯಾ ಅಂತ ಥರ್ಮಾಮೀಟರಲ್ಲೇ ನೋಡ್ಬೇಕು, 30 ಸೆಕೆಂಡ್. ಕೈಯಲ್ಲಿ ಮುಟ್ಟಿ ಬೆಚ್ಚಗಿದೆ ಅನ್ನೋದು ಲೆಕ್ಕಕ್ಕಿಲ್ಲ.

ಹಾವೇರಿಯ ಪಶುವೈದ್ಯರು: ನೀರಿನ ಮಾತಿಗೆ ತಕರಾರಿಲ್ಲ. ಬುಸೆರೆಲಿನ್ ತಡವಾಗುವ ಎಮ್ಮೆಗೆ ಸರಿ. ಎಲ್ಲದಕ್ಕೂ ಕೊಡುವುದು ನನಗೆ ಒಪ್ಪಿಗೆಯಿಲ್ಲ, ಉರಿಯೂತ ಇದ್ದಲ್ಲಿ ಅದರಿಂದ ಏನು ಸಿಗುತ್ತದೆ?

ಶಿರಸಿಯಿಂದ: ಮರುದಿನ ಬಂದು ಸ್ಕ್ಯಾನ್ ಮಾಡೋರು ಹಳ್ಳಿಯಲ್ಲಿ ಯಾರಿದ್ದಾರೆ ಸರ್? ಅದಕ್ಕೇ ಎಲ್ಲದಕ್ಕೂ ಕೊಡೋದು.

ರಾಯಬಾಗದಿಂದ: 15ಕ್ಕ ನೋಡಿಸಿದ್ವಿ. ಎರಡೂ ಕೊಂಬು ಸಮ, ನೀರಿಲ್ಲ, ಎಡಗಡೆ ಸಿಎಲ್ ಐತಿ ಅಂದ್ರು. ಸ್ಕ್ಯಾನಿನ್ಯಾಗೂ ತುದಿತನಕ ಖಾಲಿ.

ಹಾವೇರಿಯ ಪಶುವೈದ್ಯರು: ಹಾಗಿದ್ದರೆ ಈಗ ಕೊಡಿಸಬಹುದು. ಸಿಎಲ್ ಐದು ದಿನಕ್ಕಿಂತ ಎಳೆಯದಾಗಿದ್ದರೆ ಕರಗುವುದಿಲ್ಲ, ಅದನ್ನೂ ಕೇಳಿಕೊಳ್ಳಿ. ಎರಡನೇ ರಾತ್ರಿಯಿಂದ ಐದನೇ ರಾತ್ರಿವರೆಗೆ ಬ್ಯಾಟರಿ ಕೈಯಲ್ಲಿರಲಿ. ಲೋಳೆ ಸ್ವಚ್ಛ ಇದ್ದರೆ ಮಾತ್ರ ಸೆಮೆನ್.