ತಾರಸಿಯ ಇಟ್ಟಿಗೆ ಕೋಬಾ: ಸರಾಸರಿ ದಪ್ಪ ಎಷ್ಟು, ಸಾಮಗ್ರಿ ಎಷ್ಟು ತರಿಸಬೇಕು?

ಪ್ರಶ್ನೆ (ತುಮಕೂರಿನಿಂದ, ಮನೆ ಕಟ್ಟಿಸುತ್ತಿರುವವರು): ತಾರಸಿಯ ಒಳ ಅಳತೆ 12 ಮೀಟರ್ ಉದ್ದ, 8 ಮೀಟರ್ ಅಗಲ. ಮಳೆನೀರಿನ ಪೈಪ್ ಎರಡೇ. ಎರಡೂ ಒಂದೇ ಉದ್ದ ಬದಿಯ ಎರಡು ಮೂಲೆಗಳಲ್ಲಿವೆ. ತಾರಸಿ ಸೋರದಂತೆ ಇಟ್ಟಿಗೆ ತುಂಡು ಮತ್ತು ಗಾರೆಯಿಂದ ಇಳಿಜಾರಾಗಿ ಹಾಕುವ ಬ್ರಿಕ್ ಬ್ಯಾಟ್ ಕೋಬಾಕ್ಕೆ ಒಬ್ಬ ಗುತ್ತಿಗೆದಾರರು ಸರಾಸರಿ 4 ಇಂಚು ಎಂದು ಲೆಕ್ಕ ಕೊಟ್ಟಿದ್ದಾರೆ, ಇನ್ನೊಬ್ಬರು 6 ಇಂಚು ಎನ್ನುತ್ತಾರೆ. ಯಾವುದು ಸರಿ? ಸಾಮಗ್ರಿ ನಾನೇ ತರಿಸಿಕೊಡಬೇಕಾಗಿದೆ. ಮಾಡಿಸಿದವರು ಅನುಭವ ತಿಳಿಸಿ.

ದಾವಣಗೆರೆಯ ಗುತ್ತಿಗೆದಾರರು: ಸರ್, ಇದರಲ್ಲಿ ಗೊಂದಲವೇ ಇಲ್ಲ. ಪೈಪಿನ ಬಾಯಿಯ ಹತ್ತಿರದ ದಪ್ಪ ಮತ್ತು ಅತಿ ಎತ್ತರದ ಜಾಗದ ದಪ್ಪ ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಸರಾಸರಿ ಸಿಗುತ್ತದೆ, ಯಾವ ತಾರಸಿಗೂ ಇದೇ ಲೆಕ್ಕ. ಸಾಮಾನ್ಯ ಮನೆಗಳಿಗೆ ಅದು 4 ಇಂಚಿನ ಆಸುಪಾಸಿಗೇ ಬರುತ್ತದೆ.

ಮಂಗಳೂರಿನ ಗೃಹಿಣಿ: ನಮ್ಮ ಮನೆಯ ತಾರಸಿ ಹತ್ತು ವರ್ಷಕ್ಕೇ ಸೋರತೊಡಗಿತು. ಕೊನೆಗೆ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟ್ ಹಾಕಿಸಿದೆವು, ಈಗ ಬಟ್ಟೆ ಒಣಗಿಸುವುದಕ್ಕೂ ಅನುಕೂಲವಾಗಿದೆ. ಸೋರಿಕೆಗೆ ಅದೇ ಸರಿಯಾದ ಪರಿಹಾರವೆಂದು ನನ್ನ ಅನಿಸಿಕೆ.

ನಿವೃತ್ತ ಸಿವಿಲ್ ಇಂಜಿನಿಯರ್, ಮೈಸೂರು: ಮೇಡಂ, ಇವರದು ಹೊಸ ತಾರಸಿ, ಇನ್ನೂ ಸೋರಿಲ್ಲ, ಕೇಳುತ್ತಿರುವುದು ಸಾಮಗ್ರಿಯ ಲೆಕ್ಕವನ್ನು.

ಇಬ್ಬರು ಗುತ್ತಿಗೆದಾರರ ಅಂಕಿಗಳು ಬೇರೆಯಾಗಿರುವುದಕ್ಕೆ ಕಾರಣ, ವಾಟವನ್ನು ಯಾರೂ ಅಳೆದು ನೋಡಿಲ್ಲದಿರುವುದು. ಮೀಟರಿಗೆ 1 ಸೆಂ.ಮೀ. ಇಳಿಜಾರು ಇಟ್ಟುಕೊಳ್ಳೋಣ. ಪೈಪಿನ ಬಾಯಿಯಲ್ಲಿ ಕೆಳಗಿನ ಗಾರೆ 20 ಮಿ.ಮೀ., ನಡುವೆ ಇಟ್ಟಿಗೆ ತುಂಡು 25, ಮೇಲಿನ ಗಾರೆ 20, ಹೀಗೆ ಒಟ್ಟು 65 ಮಿ.ಮೀ.ಗಿಂತ ಕಡಿಮೆ ಮಾಡಲು ಬರುವುದಿಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲೂ ಕನಿಷ್ಠ ದಪ್ಪ ಇಷ್ಟೇ ಇದೆ. ಅದೇ ಪಟ್ಟಿಯಲ್ಲಿ ಸರಾಸರಿ 120 ಮಿ.ಮೀ. ಎಂದಿರುವುದನ್ನು ಮಾತ್ರ ಕಣ್ಣುಮುಚ್ಚಿ ಎತ್ತಿಕೊಳ್ಳಬಾರದು, ಏಕೆಂದರೆ ಅದು ನಿಮ್ಮ ಪೈಪ್ ಎಲ್ಲಿದೆ ಎಂದು ನೋಡಿ ಬರೆದದ್ದಲ್ಲ.

ನಿಮ್ಮ ತಾರಸಿ 6 ಮೀಟರ್ ಮತ್ತು 8 ಮೀಟರ್ ಅಳತೆಯ ಎರಡು ಭಾಗಗಳಾಗಿ, ಪ್ರತಿ ಭಾಗವೂ ತನ್ನ ಮೂಲೆಯ ಪೈಪಿನ ಕಡೆಗೆ ಬಾಗಬೇಕು. ಮೂಲೆಯಿಂದ 6 ಮೀಟರ್ ಆಚೆಗೆ 60 ಮಿ.ಮೀ., 8 ಮೀಟರ್ ಆಚೆಗೆ 80 ಮಿ.ಮೀ. ಏರುವುದರಿಂದ, ಎದುರು ಗೋಡೆಯ ನಡುಮಧ್ಯದಲ್ಲಿ 140 ಮಿ.ಮೀ. ಏರಿರುತ್ತದೆ. ಒಂದೇ ಹಲಗೆಯಂತೆ ಓರೆಯಾದ ಮೇಲ್ಮೈಯಲ್ಲಿ ಸರಾಸರಿ ಏರಿಕೆ ಇದರ ಅರ್ಧ, ಅಂದರೆ 70. ಆದ್ದರಿಂದ ಸರಾಸರಿ ದಪ್ಪ 135 ಮಿ.ಮೀ., ಗರಿಷ್ಠ 205 ಮಿ.ಮೀ. 4 ಇಂಚು ಎಂದವರ ಲೆಕ್ಕದಂತೆ ತರಿಸಿದರೆ ಕೆಲಸ ಮುಗಿಯುವ ಮೊದಲೇ ಸಾಮಗ್ರಿ ಮುಗಿಯುತ್ತದೆ, ಇಲ್ಲವೇ ಗಾರೆಯವರು ಸದ್ದಿಲ್ಲದೆ ವಾಟ ಕಡಿಮೆ ಮಾಡುತ್ತಾರೆ. ಎರಡನೆಯದೇ ಹೆಚ್ಚಾಗಿ ನಡೆಯುವುದು.

ಹುಬ್ಬಳ್ಳಿಯ ಓದುಗರು: ದಾವಣಗೆರೆಯವರ ಸೂತ್ರದಿಂದ ನಮ್ಮಲ್ಲಿ ತೊಂದರೆಯಾಯಿತು. ನಮ್ಮ ತಾರಸಿಗೆ ಪೈಪ್ ಇರುವುದು ನಡುವೆ, ಶಾಫ್ಟಿನೊಳಗೆ. ಪ್ಯಾರಪೆಟ್ ಸುತ್ತಲೂ ದಪ್ಪ ಒಂದೇ ಸಮ. ಅರ್ಧದ ಲೆಕ್ಕ ಹಿಡಿದು ತರಿಸಿದ್ದ ಇಟ್ಟಿಗೆ ಸಾಲದೆ ಕೆಲಸ ಎರಡು ದಿನ ನಿಂತಿತು.

ನಿವೃತ್ತ ಸಿವಿಲ್ ಇಂಜಿನಿಯರ್, ಮೈಸೂರು: ಸಾಲದೇ ಹೋಗುವುದು ಸಹಜ. ನಾಲ್ಕೂ ಕಡೆಯಿಂದ ನಡುವಿಗೆ ಇಳಿಯುವ ತಾರಸಿಯಲ್ಲಿ ಎತ್ತರದ ಅಂಚಿನ ಜಾಗವೇ ಹೆಚ್ಚು, ತಗ್ಗಿನ ಜಾಗ ಕಡಿಮೆ. ಆಗ ಏರಿಕೆಯ ಅರ್ಧವನ್ನಲ್ಲ, ಮೂರರಲ್ಲಿ ಎರಡು ಪಾಲನ್ನು ಕನಿಷ್ಠ ದಪ್ಪಕ್ಕೆ ಕೂಡಿಸಬೇಕು. ಅರ್ಧದ ಸೂತ್ರ ತಪ್ಪಲ್ಲ, ಒಂದೇ ಓರೆಯ ಮೇಲ್ಮೈಗೆ ಮಾತ್ರ ಸಲ್ಲುತ್ತದೆ.

ಇನ್ನು ತುಮಕೂರಿನವರ ಸಾಮಗ್ರಿ. ವಿಸ್ತೀರ್ಣ 96 ಚದರ ಮೀಟರ್. 135ರಲ್ಲಿ ಕೆಳಗಿನ ಮತ್ತು ಮೇಲಿನ ಗಾರೆಯ 40 ಕಳೆದರೆ ಇಟ್ಟಿಗೆ ತುಂಡಿನ ಪದರ ಸರಾಸರಿ 95 ಮಿ.ಮೀ., ಅಂದರೆ ಸುಮಾರು 9.1 ಘನ ಮೀಟರ್. ರಾಶಿ ಹಾಕಿದ ತುಂಡುಗಳ ನಡುವೆ ಹೆಚ್ಚುಕಡಿಮೆ ಅರ್ಧದಷ್ಟು ಸಂದಿಯೇ ಇರುವುದರಿಂದ ತುಂಡು 9.1 ಘನ ಮೀಟರ್ ಬೇಕು, ಸಂದಿ ತುಂಬಲು ಗಾರೆ ಸುಮಾರು 4.6 ಘನ ಮೀಟರ್ ಬೇಕು. ಇದಕ್ಕೆ ಕೆಳಗಿನ ಪದರದ 1.9 ಸೇರಿಸಿದರೆ 1:5ರ ಗಾರೆ 6.5 ಘನ ಮೀಟರ್. ಘನ ಮೀಟರಿಗೆ 310 ಕಿಲೋ ಸಿಮೆಂಟಿನಂತೆ 40 ಮೂಟೆ. ಮೇಲಿನ 1:4ರ ಗಾರೆ 1.9 ಘನ ಮೀಟರಿಗೆ 15 ಮೂಟೆ. ಚದರ ಮೀಟರಿಗೆ 2.75 ಕಿಲೋದಂತೆ ಎರಡು ಸಲ ಸಿಮೆಂಟ್ ಹಾಲು ಬಳಿಯಲು 11 ಮೂಟೆ. ಪ್ಯಾರಪೆಟ್ ಮೇಲೆ ಒಂದಡಿ ಎತ್ತರಿಸಿ ಸಂದಿ ದುಂಡಗೆ ಮಾಡುವುದನ್ನೂ ನಷ್ಟವನ್ನೂ ಸೇರಿಸಿ 70 ಮೂಟೆ ಹೇಳಿ. ಎಂ-ಸ್ಯಾಂಡ್ 10 ಘನ ಮೀಟರ್, ಅಂದರೆ 350 ಘನ ಅಡಿ. ಇಟ್ಟಿಗೆ ತುಂಡೂ ನಷ್ಟ ಸೇರಿಸಿ ಅಷ್ಟೇ.

ತುಂಡುಗಳು ಚೆನ್ನಾಗಿ ಸುಟ್ಟ ಇಟ್ಟಿಗೆಯದಾಗಿರಲಿ. ಉಗುರಿನಿಂದ ಕೆರೆದರೆ ಪುಡಿ ಉದುರುವ ಮಾಲನ್ನು ಇಳಿಸಿಕೊಳ್ಳಬೇಡಿ. ಹಾಕುವ ಮುನ್ನ ಚೆನ್ನಾಗಿ ನೆನೆಸದಿದ್ದರೆ ಗಾರೆಯ ನೀರನ್ನು ಅವೇ ಹೀರಿಬಿಡುತ್ತವೆ. ಹಾಗೆ ಆದದ್ದನ್ನು ಮರುದಿನ ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಬರುವ ಟೊಳ್ಳು ಸದ್ದಿನಿಂದ ತಿಳಿಯಬಹುದು.

ದಾವಣಗೆರೆಯ ಗುತ್ತಿಗೆದಾರರು: ನಡುವೆ ಪೈಪ್ ಇರುವ ತಾರಸಿಯ ಮಾತನ್ನು ಒಪ್ಪುತ್ತೇನೆ. ಆದರೆ ಗಾರೆ ಅರ್ಧ ಪಾಲು ಬೇಕೆನ್ನುವುದನ್ನು ಒಪ್ಪಲಾರೆ. ನಮ್ಮವರು ತುಂಡುಗಳನ್ನು ಸುರಿಯುವುದಿಲ್ಲ, ಒಂದೊಂದನ್ನೇ ನಿಲ್ಲಿಸಿ ಒತ್ತಾಗಿ ಜೋಡಿಸುತ್ತಾರೆ. ಆಗ ಮೂರನೇ ಒಂದು ಪಾಲು ಗಾರೆ ಸಾಕಾಗುತ್ತದೆ, ತುಂಡುಗಳೇ ಹೆಚ್ಚು ಬೇಕಾಗುತ್ತವೆ.

ನಿವೃತ್ತ ಸಿವಿಲ್ ಇಂಜಿನಿಯರ್, ಮೈಸೂರು: ಅಂಥ ಕೈಗಳಿದ್ದರೆ ಸಾಧ್ಯ. ಆದರೆ ಅಷ್ಟು ಒತ್ತಾಗಿ ಜೋಡಿಸಿದಾಗ ಗಾರೆ ಬುಡದವರೆಗೆ ಇಳಿಯಿತೇ ಎಂಬುದು ನನಗಿರುವ ಅನುಮಾನ. ಮೊದಲ ದಿನ ಹಾಕಿದ ಒಂದು ಚದರ ಮೀಟರ್ ಜಾಗಕ್ಕೆ ಎಷ್ಟು ಬಾಣಲೆ ಗಾರೆ ಹೋಯಿತೆಂದು ಎಣಿಸಿ, ಉಳಿದ ಸಿಮೆಂಟನ್ನು ಆಮೇಲೆ ತರಿಸುವುದು ಒಳ್ಳೆಯದು.

ಸಾಮಗ್ರಿಗಿಂತ ಮೊದಲು ನೋಡಬೇಕಾದವು ಎರಡು ಇವೆ. 135 ಮಿ.ಮೀ. ಕೋಬಾ ಚದರ ಮೀಟರಿಗೆ ಸುಮಾರು 250 ಕಿಲೋ ತೂಗುತ್ತದೆ, 205 ಇರುವಲ್ಲಿ 400 ಕಿಲೋ ಹತ್ತಿರ. ಸ್ಲ್ಯಾಬ್ ವಿನ್ಯಾಸದಲ್ಲಿ ಇಷ್ಟನ್ನು ಹಿಡಿದಿದ್ದಾರೆಯೇ ಎಂದು ನಿಮ್ಮ ಇಂಜಿನಿಯರ್ ಅವರನ್ನು ಕೇಳಿ. ಎರಡನೆಯದು, ಮೆಟ್ಟಿಲು ಕೋಣೆಯ ಬಾಗಿಲಿನ ಹೊಸ್ತಿಲು ಸ್ಲ್ಯಾಬಿನಿಂದ ಎಷ್ಟು ಎತ್ತರದಲ್ಲಿದೆ?

ತುಮಕೂರಿನವರು: ಸರ್, ಈಗಷ್ಟೇ ಅಳೆದೆ. ಹೊಸ್ತಿಲು ಸ್ಲ್ಯಾಬಿನಿಂದ 150 ಮಿ.ಮೀ. ಮೇಲಿದೆ, ಬಾಗಿಲು ಇರುವುದು ಪೈಪುಗಳ ಎದುರು ಬದಿಯ ಸರಿಯಾಗಿ ನಡುವೆ.

ನಿವೃತ್ತ ಸಿವಿಲ್ ಇಂಜಿನಿಯರ್, ಮೈಸೂರು: ಅಂದರೆ ಗರಿಷ್ಠ 205 ಬರುವ ಜಾಗದಲ್ಲೇ ಬಾಗಿಲಿದೆ, ಮಳೆ ಬಂದರೆ ನೀರು ಮೆಟ್ಟಿಲಿಗೆ ಇಳಿಯುತ್ತದೆ. ಎದುರು ಬದಿಯ ಎರಡು ಮೂಲೆಗಳಿಗೂ ಪೈಪ್ ಕೊಡಲು ಸಾಧ್ಯವೇ ನೋಡಿ. ಆಗ ತಾರಸಿ 6 ಮತ್ತು 4 ಮೀಟರಿನ ನಾಲ್ಕು ಭಾಗಗಳಾಗುತ್ತದೆ. ಅತಿ ಎತ್ತರ ತಾರಸಿಯ ನಡುವಿಗೆ ಬಂದು 165 ಆಗುತ್ತದೆ, ಬಾಗಿಲ ಮುಂದೆ 125 ಮಾತ್ರ. ಸರಾಸರಿ 115ಕ್ಕೆ ಇಳಿಯುವುದರಿಂದ ತುಂಡು ಸುಮಾರು 2 ಘನ ಮೀಟರ್, ಸಿಮೆಂಟ್ 6 ಮೂಟೆ ಉಳಿಯುತ್ತವೆ. ಹೊಸ ಪೈಪಿಗೆ ಸ್ಲ್ಯಾಬನ್ನಾಗಲಿ ಬೀಮನ್ನಾಗಲಿ ಕೊರೆಯಬೇಡಿ, ಪ್ಯಾರಪೆಟ್ ಗೋಡೆಯ ಬುಡದಿಂದ ಹೊರಗೆ ತೆಗೆಯಿರಿ.

ತುಮಕೂರಿನವರು: ಒಂದು ಮೂಲೆ ನಮ್ಮದೇ ಹಿತ್ತಿಲಿಗೆ ಬರುತ್ತದೆ, ತೊಂದರೆಯಿಲ್ಲ. ಇನ್ನೊಂದರ ಕೆಳಗೆ ಪಕ್ಕದ ಮನೆಯವರ ಕಾಂಪೌಂಡ್ ಒಂದೂವರೆ ಅಡಿ ದೂರದಲ್ಲಿದೆ. ಅಲ್ಲಿ ಪೈಪ್ ಇಳಿಸುವ ಬಗ್ಗೆ ಅವರೊಡನೆ ಮಾತನಾಡಿದ ಮೇಲೆ ಮುಂದಿನದನ್ನು ತಿಳಿಸುತ್ತೇನೆ; ಅಲ್ಲಿಯವರೆಗೆ ಇಟ್ಟಿಗೆ ಲೋಡ್ ಹೇಳಿಲ್ಲ.